ನಾಲ್ಕು ನಕ್ಷತ್ರ ಕೊಟ್ಟರೆ ರೈಡರ್‌ಗೆ ಏನಾಗುತ್ತದೆ?

ಕಳೆದ ಮೇ ತಿಂಗಳ ಒಂದು ರಾತ್ರಿ, ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಹೋಟೆಲೊಂದರಿಂದ ಸೇಡಂ ರಸ್ತೆಯ ಬಡಾವಣೆಯಲ್ಲಿರುವ ನಮ್ಮ ಮನೆಗೆ ಊಟ ತರಿಸಿದ್ದೆ. 35 ನಿಮಿಷದಲ್ಲಿ ಬರುತ್ತದೆ ಎಂದು ಆ್ಯಪ್ ತೋರಿಸಿತ್ತು, ಬಂದದ್ದು 53 ನಿಮಿಷಕ್ಕೆ. ಬ್ಯಾಳಿಯ ಡಬ್ಬಿ ಚೀಲದೊಳಗೇ ಸೋರಿ ರೊಟ್ಟಿಗಳೆಲ್ಲ ಒದ್ದೆಯಾಗಿದ್ದವು. ಬಾಗಿಲಲ್ಲಿ ನಿಂತಿದ್ದ ಹುಡುಗ "ಹೋಟೆಲ್‌ನ್ಯಾಗ ಲೇಟ್ ಆಯ್ತರಿ" ಎಂದ. ನಾನು ಏನೂ ಹೇಳದೆ ಬಾಗಿಲು ಹಾಕಿಕೊಂಡು, ಹಸಿವಿನ ಸಿಟ್ಟಿನಲ್ಲಿ ಹೋಟೆಲಿಗೂ ಎರಡು ನಕ್ಷತ್ರ, ಹುಡುಗನಿಗೂ ಎರಡು ನಕ್ಷತ್ರ ಒತ್ತಿದೆ. ಈ ಎರಡು ನಕ್ಷತ್ರಗಳು ಮುಂದೆ ಎಲ್ಲಿಗೆ ಹೋಗುತ್ತವೆ, ಏನು ಮಾಡುತ್ತವೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಆ ರಾತ್ರಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸುತ್ತಿದ್ದೇನೆ.

ನಕ್ಷತ್ರವನ್ನು ನಾವು ಓದುವ ಬಗೆ, ಆ್ಯಪ್ ಓದುವ ಬಗೆ

ನಾವು ಬೆಳೆದದ್ದು ಶಾಲೆಯ ಅಂಕಗಳ ಲೆಕ್ಕದಲ್ಲಿ. ಐದಕ್ಕೆ ನಾಲ್ಕು ಎಂದರೆ ನೂರಕ್ಕೆ ಎಂಬತ್ತು, ಅಂದರೆ ಒಳ್ಳೆಯ ಅಂಕ. ಐದಕ್ಕೆ ಮೂರು ಎಂದರೆ ಪ್ರಥಮ ದರ್ಜೆ. ಆದ್ದರಿಂದ ಊಟ ಸರಿಯಾಗಿ ಬಂದಿದೆ, ವಿಶೇಷವೇನಿಲ್ಲ ಎನ್ನಿಸಿದಾಗ ನಮ್ಮಲ್ಲಿ ಎಷ್ಟೋ ಮಂದಿ ಪ್ರಾಮಾಣಿಕವಾಗಿಯೇ ನಾಲ್ಕು ಒತ್ತುತ್ತಾರೆ. ಐದನ್ನು ಏನಾದರೂ ಅಪರೂಪದ ಸೇವೆಗೆಂದು ಉಳಿಸಿಕೊಳ್ಳುತ್ತಾರೆ.

ಆ್ಯಪ್‌ನ ಲೆಕ್ಕ ಇದಕ್ಕೆ ತಲೆಕೆಳಗು. ಅಲ್ಲಿ ಐದು ಎಂಬುದು ಬಹುಮಾನವಲ್ಲ, ಕೆಲಸ ಸರಿಯಾಗಿ ಆಯಿತು ಎಂಬ ಹಾಜರಿ ಗುರುತು. ಹೆಚ್ಚಿನ ಗ್ರಾಹಕರು ಐದನ್ನೇ ಒತ್ತುವುದರಿಂದ ರೈಡರ್‌ಗಳ ಮತ್ತು ಚಾಲಕರ ಸರಾಸರಿಗಳೆಲ್ಲ 4.6ರಿಂದ 5ರ ನಡುವಿನ ಕಿರಿದಾದ ಜಾಗದಲ್ಲಿ ಒತ್ತೊತ್ತಾಗಿ ಕುಳಿತಿರುತ್ತವೆ, ಹೀಗಾಗಿ ಕಂಪನಿಗಳು ಇಟ್ಟುಕೊಳ್ಳುವ ಮಿತಿಗಳೂ ಆ ಎತ್ತರದಲ್ಲೇ ಇರಬೇಕಾಗುತ್ತದೆ. 4.6 ಎಂದರೆ ನೂರಕ್ಕೆ 92. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ 92 ಬಂದರೆ ಮನೆಯವರು ಪೇಢೆ ಹಂಚುತ್ತಾರೆ, ಇಲ್ಲಿ ಅದು ಫೇಲಾಗುವ ಅಂಚು ಇರಬಹುದು. ಒಬ್ಬ ರೈಡರ್‌ಗೆ ಎಲ್ಲ ಗ್ರಾಹಕರೂ "ಚೆನ್ನಾಗಿದೆ" ಎಂಬ ಅರ್ಥದಲ್ಲಿ ನಾಲ್ಕು ನಾಲ್ಕೇ ಕೊಟ್ಟರೆ ಅವನ ಸರಾಸರಿ 4.0 ಆಗುತ್ತದೆ. ಯಾರಿಗೂ ಅವನ ಮೇಲೆ ಒಂದು ದೂರೂ ಇಲ್ಲದಿದ್ದರೂ ಇಷ್ಟು ಸರಾಸರಿ ಇಟ್ಟುಕೊಂಡು ಅವನು ಆ ಕೆಲಸದಲ್ಲಿ ಉಳಿಯುವುದು ಕಷ್ಟ.

ಆದ್ದರಿಂದ ಈ ಅಂಕಿಯನ್ನು ಗಳಿಕೆಯ ಲೆಕ್ಕವಾಗಿ ನೋಡುವುದಕ್ಕಿಂತ ಕಡಿತದ ಲೆಕ್ಕವಾಗಿ ನೋಡಿದರೆ ಬೇಗ ಅರ್ಥವಾಗುತ್ತದೆ. ಪ್ರತಿಯೊಬ್ಬರೂ ಐದರಿಂದಲೇ ಶುರು ಮಾಡುತ್ತಾರೆ. ನಾಲ್ಕು ಕೊಟ್ಟರೆ ಒಂದು ನಕ್ಷತ್ರ ಕಡಿತ, ಎರಡು ಕೊಟ್ಟರೆ ಮೂರು ಕಡಿತ, ಒಂದು ಕೊಟ್ಟರೆ ನಾಲ್ಕು ಕಡಿತ.

ಐವತ್ತು ಸೀಟಿನ ಬಸ್ಸು

ಸರಾಸರಿಯನ್ನು ರೈಡರ್ ಕೆಲಸಕ್ಕೆ ಸೇರಿದ ದಿನದಿಂದ ಲೆಕ್ಕ ಹಾಕುವುದು ಕಡಿಮೆ. ಸಾಮಾನ್ಯವಾಗಿ ಕೊನೆಯ ಇಂತಿಷ್ಟು ರೇಟಿಂಗ್‌ಗಳನ್ನು ಮಾತ್ರ ತೆಗೆದುಕೊಳ್ಳಲಾಗುತ್ತದೆ. ಉದಾಹರಣೆಗೆ, ಉಬರ್ ತನ್ನ ಚಾಲಕರ ಸರಾಸರಿಯನ್ನು ಕೊನೆಯ 500 ರೇಟಿಂಗ್‌ಗಳಿಂದ ತೆಗೆಯುತ್ತದೆ. ಈ ಸಂಖ್ಯೆ ಕಂಪನಿಯಿಂದ ಕಂಪನಿಗೆ ಬೇರೆ, ನಿಯಮಗಳೂ ಆಗಾಗ ಬದಲಾಗುತ್ತವೆ. ಲೆಕ್ಕ ಸುಲಭವಾಗಲೆಂದು ನಮ್ಮ ಊಟದ ಆ್ಯಪ್ ಕೊನೆಯ 50 ರೇಟಿಂಗ್ ನೋಡುತ್ತದೆ, ಮತ್ತು ವಾರದ ಇನ್ಸೆಂಟಿವ್‌ಗೆ ಕನಿಷ್ಠ 4.8 ಕೇಳುತ್ತದೆ ಎಂದಿಟ್ಟುಕೊಳ್ಳೋಣ.

ಕಲ್ಯಾಣ ಕರ್ನಾಟಕ ಸಾರಿಗೆಯ ಒಂದು ಬಸ್ಸನ್ನು ನೆನೆಸಿಕೊಳ್ಳಿ. ಐವತ್ತು ಸೀಟುಗಳೂ ತುಂಬಿವೆ. ಒಂದು ಬಾಗಿಲಿನಿಂದ ಹೊಸಬರೊಬ್ಬರು ಹತ್ತಿದರೆ, ಎಲ್ಲರಿಗಿಂತ ಮೊದಲು ಹತ್ತಿದ್ದವರು ಇನ್ನೊಂದು ಬಾಗಿಲಿನಿಂದ ಇಳಿಯಲೇಬೇಕು. ರೇಟಿಂಗ್‌ಗಳೂ ಹೀಗೆಯೇ ಬಂದಷ್ಟೇ ಹೋಗುತ್ತಿರುತ್ತವೆ.

ಆ ರಾತ್ರಿಯ ಹುಡುಗನ ಬಸ್ಸಿನಲ್ಲಿ ಐದು ನಕ್ಷತ್ರದವರು 44 ಮಂದಿ, ನಾಲ್ಕು ನಕ್ಷತ್ರದವರು 5 ಮಂದಿ, ಒಂದು ನಕ್ಷತ್ರದವರು ಒಬ್ಬರು ಇದ್ದರು ಎನ್ನೋಣ. ಒಟ್ಟು 220, 20 ಮತ್ತು 1, ಸೇರಿ 241. ಇದನ್ನು 50ರಿಂದ ಭಾಗಿಸಿದರೆ 4.82, ಅಂದರೆ ಇನ್ಸೆಂಟಿವ್‌ನ ಮಿತಿಗಿಂತ ಕೂದಲೆಳೆ ಮೇಲೆ. ಈಗ ನನ್ನ ಎರಡು ನಕ್ಷತ್ರ ಹತ್ತುತ್ತದೆ, ಹಳೆಯ ಒಂದು ಐದು ಇಳಿಯುತ್ತದೆ. ಒಟ್ಟು 238, ಸರಾಸರಿ 4.76. ಒಬ್ಬನೇ ಗ್ರಾಹಕನ ಒಂದೇ ಒತ್ತಿನಿಂದ ಅವನು ಮಿತಿಯ ಕೆಳಗೆ ಬಂದ.

ಇಲ್ಲಿಂದ ಮುಂದಿನದ್ದು ನನಗೆ ತಿಳಿದಾಗ ಸ್ವಲ್ಪ ಹೊತ್ತು ನಂಬಲಾಗಲಿಲ್ಲ. ಮರುದಿನ ಅವನು ಎಚ್ಚರದಿಂದ ಕೆಲಸ ಮಾಡಿ ಸಾಲಾಗಿ ಹತ್ತು ಐದುಗಳನ್ನು ಪಡೆದ ಎಂದುಕೊಳ್ಳಿ. ಆ ಹತ್ತೂ ಸಲ ಬಸ್ಸಿನಿಂದ ಇಳಿದವುಗಳೂ ಐದುಗಳೇ ಆಗಿದ್ದರೆ ಅವನ ಸರಾಸರಿ ಒಂದು ಕೂದಲಿನಷ್ಟೂ ಏರುವುದಿಲ್ಲ, 4.76ರಲ್ಲೇ ನಿಲ್ಲುತ್ತದೆ. ಅದು ಏರುವುದು ಹಳೆಯ ನಾಲ್ಕೋ ಒಂದೋ ಇಳಿಯುವ ಸರದಿ ಬಂದು, ಆ ಜಾಗಕ್ಕೆ ಐದು ಬಂದು ಕುಳಿತಾಗ ಮಾತ್ರ. ಮತ್ತೆ 4.8 ಆಗಬೇಕಾದರೆ ಒಟ್ಟು 240 ಆಗಬೇಕು, ಅಂದರೆ ಆ ಹಳೆಯ ಒಂದು ನಕ್ಷತ್ರ ಇಳಿಯಬೇಕು, ಇಲ್ಲವೇ ಕನಿಷ್ಠ ಎರಡು ಹಳೆಯ ನಾಲ್ಕುಗಳಾದರೂ ಇಳಿದುಹೋಗಬೇಕು. ಅವೆಲ್ಲ ಬಸ್ಸಿನ ನಡುವೆ ಕುಳಿತಿದ್ದರೆ ಇನ್ನೂ ಸುಮಾರು 25 ರೇಟಿಂಗ್ ಕಾಯಬೇಕಾಗುತ್ತದೆ. ದಿನಕ್ಕೆ 20 ಆರ್ಡರ್ ಮಾಡಿದರೂ ಐವರಲ್ಲಿ ಒಬ್ಬರು ಮಾತ್ರ ರೇಟಿಂಗ್ ಕೊಡುತ್ತಾರೆಂದರೆ ದಿನಕ್ಕೆ ನಾಲ್ಕೇ ಹೊಸ ರೇಟಿಂಗ್ ಬರುತ್ತವೆ. 25 ಬರಲು ಒಂದು ವಾರದ ಹತ್ತಿರ ಬೇಕು. ಇಂದಿನ ಒಳ್ಳೆಯ ಕೆಲಸದ ಫಲ ಇಂದೇ ಕಾಣುವುದಿಲ್ಲ ಎಂದು ರೈಡರ್‌ಗಳು ಗೊಣಗುವುದರ ಹಿಂದಿರುವುದು ಈ ಲೆಕ್ಕ.

ರೇಟಿಂಗ್ ಕೊಡದೆ ಬಿಡುವ ಗ್ರಾಹಕರಿಂದಲೂ ಇಲ್ಲಿ ಒಂದು ಪರಿಣಾಮವಿದೆ. ಊಟ ಬಿಸಿಬಿಸಿಯಾಗಿ ಬಂದ ದಿನ ನಾವು ಫೋನ್ ಬದಿಗಿಟ್ಟು ಉಣ್ಣುತ್ತೇವೆ, ಸಿಟ್ಟು ಬಂದ ದಿನ ಫೋನ್ ಕೈಗೆತ್ತಿಕೊಳ್ಳುತ್ತೇವೆ. ತೃಪ್ತರ ಮೌನ ಯಾವ ಖಾತೆಗೂ ಜಮೆಯಾಗುವುದಿಲ್ಲ.

ಅಂಕಿ ಇಳಿದರೆ ಏನು ತಪ್ಪುತ್ತದೆ

ರೈಡರ್ ಅಥವಾ ಚಾಲಕ ಆ ಕಂಪನಿಯ ಸಂಬಳದ ನೌಕರನಲ್ಲ. ಪ್ರತಿ ಆರ್ಡರ್‌ಗೆ ಇಷ್ಟು ಎಂಬ ಲೆಕ್ಕದಲ್ಲಿ ದುಡಿಯುತ್ತಾನೆ, ಪೆಟ್ರೋಲ್ ಮತ್ತು ಗಾಡಿಯ ರಿಪೇರಿ ಅವನದೇ ಖರ್ಚು. ಆ ಖರ್ಚೆಲ್ಲ ಕಳೆದ ಮೇಲೆ ಕೈಯಲ್ಲಿ ಏನಾದರೂ ಉಳಿಯುವುದು ಬಹುಮಟ್ಟಿಗೆ ಇನ್ಸೆಂಟಿವ್‌ನಿಂದ. ಇಂತಿಷ್ಟು ಆರ್ಡರ್ ಮುಗಿಸಿದರೆ, ಇಂತಿಷ್ಟು ಹೊತ್ತು ಲಾಗಿನ್ ಆಗಿದ್ದರೆ, ರೇಟಿಂಗ್ ಮಿತಿಗಿಂತ ಮೇಲಿದ್ದರೆ ಎಂಬಂಥ ಷರತ್ತುಗಳನ್ನು ಇನ್ಸೆಂಟಿವ್‌ಗೆ ಒಟ್ಟಿಗೆ ಕಟ್ಟಿರುತ್ತಾರೆ. ಒಂದು ಷರತ್ತು ತಪ್ಪಿದರೂ ಮೊತ್ತ ಕಡಿಮೆಯಾಗುವುದಿಲ್ಲ, ಪೂರ್ತಿ ಹೋಗುತ್ತದೆ.

ಎರಡನೆಯದು ಕೆಲಸದ ಹೊತ್ತು. ಕೆಲವು ಆ್ಯಪ್‌ಗಳಲ್ಲಿ ರೈಡರ್‌ಗಳನ್ನು ದರ್ಜೆಗಳಾಗಿ ವಿಂಗಡಿಸಿ, ಮೇಲಿನ ದರ್ಜೆಯವರಿಗೆ ಮುಂದಿನ ವಾರದ ಸ್ಲಾಟ್‌ಗಳನ್ನು ಮೊದಲು ತೆರೆಯುತ್ತಾರೆ. ರಾತ್ರಿ ಏಳರಿಂದ ಹತ್ತರವರೆಗಿನ ಸ್ಲಾಟ್ ಎಲ್ಲರಿಗೂ ಬೇಕು, ಏಕೆಂದರೆ ಆರ್ಡರ್‌ಗಳು ಹೆಚ್ಚು ಬರುವುದೇ ಆಗ. ದರ್ಜೆ ಇಳಿದವನಿಗೆ ಉಳಿಯುವುದು ಮಧ್ಯಾಹ್ನ ಮೂರರ ಹೊತ್ತು. ಕಲಬುರಗಿಯ ಬೇಸಿಗೆಯಲ್ಲಿ ಆ ಹೊತ್ತಿಗೆ ಬಿಸಿಲು 42 ಡಿಗ್ರಿ ದಾಟುವುದೂ ಉಂಟು, ಆರ್ಡರ್‌ಗಳೂ ಬೆರಳೆಣಿಕೆಯಷ್ಟು.

ಮೂರನೆಯದು ಅವರೆಲ್ಲ ಹೆದರುವ "ಐಡಿ ಬ್ಲಾಕ್". ಲಾಗಿನ್ ನಿಂತುಹೋಗುತ್ತದೆ, ಕೆಲವೊಮ್ಮೆ ಒಂದೆರಡು ದಿನ, ಕೆಲವೊಮ್ಮೆ ಶಾಶ್ವತವಾಗಿ. ಉಬರ್ ಪ್ರತಿ ನಗರಕ್ಕೂ ಒಂದು ಕನಿಷ್ಠ ಸರಾಸರಿ ಇಟ್ಟಿದೆ, ಅದರ ಕೆಳಗೆ ಉಳಿದ ಚಾಲಕರ ಖಾತೆ ನಿಲ್ಲಬಹುದು. ಒಂದು ಕೆಟ್ಟ ರೇಟಿಂಗ್‌ನಿಂದಲೇ ಯಾರ ಐಡಿಯೂ ಹೋಗುವುದಿಲ್ಲ ಎನ್ನುವುದೂ ನಿಜ. ಆದರೆ ಮಿತಿಯ ಅಂಚಿನಲ್ಲಿ ನಿಂತವನನ್ನು ದೂಡಲು ಒಂದೇ ಸಾಕು, ಮತ್ತು ಅವನು ಅಂಚಿನಲ್ಲಿದ್ದಾನೆಂದು ಒತ್ತುವ ನಮಗೆ ಗೊತ್ತಿರುವುದಿಲ್ಲ. ಯಾರು, ಯಾವ ಆರ್ಡರ್‌ಗೆ ಕಡಿಮೆ ಕೊಟ್ಟರೆಂದು ಅವನಿಗೂ ಸಾಮಾನ್ಯವಾಗಿ ತೋರಿಸುವುದಿಲ್ಲ. ಗ್ರಾಹಕರಿಗೆ ತೊಂದರೆಯಾಗದಿರಲೆಂದು ಈ ಗುಟ್ಟನ್ನು ಕಾಯುತ್ತಾರೆ, ಅದು ಸರಿಯಾದ ಕಾರಣವೇ. ಇನ್ನೊಂದು ಕಡೆಯಿಂದ ನೋಡಿದರೆ, ಏನು ತಪ್ಪಾಯಿತೆಂದು ತಿದ್ದಿಕೊಳ್ಳಲು ಅವನಿಗೆ ಸಿಗುವುದು ಇಳಿದ ಅಂಕಿಯೊಂದೇ.

ಆ 53 ನಿಮಿಷ ಯಾರ ಲೆಕ್ಕಕ್ಕೆ?

ಮರುದಿನ ಬೆಳಿಗ್ಗೆ ಫೋನಿನಲ್ಲಿ ಹಿಂದಿನ ರಾತ್ರಿಯ ಸೂಚನೆಗಳು ಹಾಗೇ ಉಳಿದಿದ್ದವು. ಪ್ರತಿಯೊಂದರ ಪಕ್ಕದಲ್ಲೂ ಗಂಟೆ ಇತ್ತು. 8:05ಕ್ಕೆ ಆರ್ಡರ್ ಮಾಡಿದ್ದೆ. 8:09ಕ್ಕೆ ರೈಡರ್ ಒಪ್ಪಿಕೊಂಡಿದ್ದ. 8:17ಕ್ಕೆ ಹೋಟೆಲ್ ತಲುಪಿದ್ದ. ಊಟ ಅವನ ಕೈಗೆ ಸಿಕ್ಕಿದ್ದು 8:41ಕ್ಕೆ. ನಮ್ಮ ಮನೆಯ ಬಾಗಿಲಿಗೆ ಬಂದದ್ದು 8:58ಕ್ಕೆ.

ಈ ಗಂಟೆಗಳನ್ನು ಬಿಡಿಸಿದರೆ ಆರ್ಡರ್ ಹಂಚಲು ಆ್ಯಪ್ ತೆಗೆದುಕೊಂಡದ್ದು 4 ನಿಮಿಷ, ಹೋಟೆಲಿಗೆ ಹೋಗಲು 8, ಅಡುಗೆಗಾಗಿ ಹೋಟೆಲಿನ ಮುಂದೆ ನಿಂತದ್ದು 24, ನಮ್ಮ ಮನೆಗೆ ಬರಲು 17. ತಡವಾದ 18 ನಿಮಿಷಗಳೂ ಆ 24ರೊಳಗೇ ಇವೆ. ಬಾಗಿಲಲ್ಲಿ ಹುಡುಗ ಹೇಳಿದ್ದು ನೆಪವಾಗಿರಲಿಲ್ಲ. ಅಷ್ಟು ಹೊತ್ತು ನಿಂತದ್ದರಿಂದ ನನ್ನ ಊಟವಷ್ಟೇ ತಡವಾಗಲಿಲ್ಲ, ಅವನ ಕೈಗೆ ಬರಬಹುದಾಗಿದ್ದ ಇನ್ನೊಂದು ಆರ್ಡರ್ ಕೂಡ ತಪ್ಪಿರಬಹುದು.

ಆ 17 ನಿಮಿಷಗಳಲ್ಲಿಯೂ ನನ್ನ ಪಾಲಿತ್ತು. ಮನೆ ಬದಲಿಸಿದಾಗ ಆ್ಯಪ್‌ನ ನಕ್ಷೆಯಲ್ಲಿ ಗುರುತನ್ನು ಮನೆಯ ಮುಂದೆ ಇಡದೆ, ಹಿಂದಿನ ಅಡ್ಡರಸ್ತೆಯ ಮೇಲೆ ಬಿಟ್ಟಿದ್ದೆ. ಅವನು ಅಲ್ಲಿಂದ ಫೋನ್ ಮಾಡಿ "ಲೊಕೇಶನ್ ಇಲ್ಲೇ ತೋರಸ್ಲಾಕತ್ತದರೀ ಸರ್, ಮನಿ ಕಾಣವಲ್ದು" ಎಂದಿದ್ದ. ಹೊಸ ಬಡಾವಣೆಗಳಲ್ಲಿ ಮನೆಯ ಸಂಖ್ಯೆಗಳು ಸರದಿಯಲ್ಲಿರುವುದಿಲ್ಲ, ರಾತ್ರಿ ಕೇಳೋಣವೆಂದರೆ ಹೊರಗೆ ಯಾರೂ ಇರುವುದಿಲ್ಲ. "ನೀರಿನ ಟಾಕಿ ದಾಟಿ ಎಡಕ್ಕೆ, ಹಸಿರು ಗೇಟು" ಎಂಬ ಒಂದು ಸಾಲನ್ನು ವಿಳಾಸದಲ್ಲಿ ನಾನು ಬರೆದಿದ್ದರೆ ಆ ಫೋನೇ ಬೇಕಿರಲಿಲ್ಲ.

ಇನ್ನು ಬ್ಯಾಳಿ ಸೋರಿದ್ದು. ಡಬ್ಬಿ ಮುಚ್ಚಿ, ಚೀಲ ಕಟ್ಟಿ, ಬಾಯಿಗೆ ಚೀಟಿ ಅಂಟಿಸಿ ಕೊಡುವವರು ಹೋಟೆಲಿನವರು. ರೈಡರ್ ಅದನ್ನು ಬಿಚ್ಚಿ ನೋಡುವಂತಿಲ್ಲ. ಚೀಟಿ ಹರಿಯದೆ ಹಾಗೇ ಇದ್ದು, ಒಳಗೆ ಒಂದೇ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಅದು ಕಟ್ಟಿದವರ ತಪ್ಪು. ಎಲ್ಲ ಡಬ್ಬಿಗಳೂ ಒಂದೇ ಪಕ್ಕಕ್ಕೆ ಉರುಳಿ ಜಜ್ಜಿಹೋಗಿದ್ದರೆ ಗಾಡಿಯಲ್ಲಿ ಎಡವಟ್ಟಾಗಿದೆ ಎಂದು ಊಹಿಸಬಹುದು. ನಮ್ಮ ಚೀಲದಲ್ಲಿ ಸೋರಿದ್ದು ಒಂದೇ ಡಬ್ಬಿ.

ಹೋಟೆಲಿಗೆ ನಾನು ಕೊಟ್ಟ ಎರಡು ನಕ್ಷತ್ರಕ್ಕೆ ಕಾರಣವಿತ್ತು. ಹುಡುಗನಿಗೆ ಕೊಟ್ಟದ್ದಕ್ಕೆ ಇರಲಿಲ್ಲ. ಹೆಚ್ಚಿನ ಊಟದ ಆ್ಯಪ್‌ಗಳು ಹೋಟೆಲನ್ನೂ ರೈಡರನ್ನೂ ಬೇರೆಬೇರೆಯಾಗಿ ಕೇಳುವುದೇ ಇದಕ್ಕಾಗಿ, ಆದರೆ ಎರಡು ಪ್ರಶ್ನೆಗಳು ಒಂದರ ಹಿಂದೊಂದು ಬರುವುದರಿಂದ ಮೊದಲನೆಯದರ ಸಿಟ್ಟು ಎರಡನೆಯದಕ್ಕೂ ಹರಿದುಬಿಡುತ್ತದೆ.

ಕ್ಯಾಬಿನಲ್ಲಿ ತೊಂದರೆ ಇನ್ನೊಂದು ಬಗೆಯದು

ಕಲಬುರಗಿಯವರು ಆಸ್ಪತ್ರೆಗೋ ಕೆಲಸಕ್ಕೋ ಹೈದರಾಬಾದ್, ಬೆಂಗಳೂರಿಗೆ ಹೋದಾಗ ಕ್ಯಾಬ್ ಆ್ಯಪ್‌ಗಳನ್ನು ಹೆಚ್ಚು ಬಳಸುತ್ತಾರೆ. ಅಲ್ಲಿಯೂ ಚಾಲಕನ ಕೈಯಲ್ಲಿ ಇಲ್ಲದ ಸಂಗತಿಗಳಿವೆ. ಬಾಡಿಗೆ ಎಷ್ಟೆಂದು ನಿರ್ಧರಿಸುವುದು ಆ್ಯಪ್, ಬೇಡಿಕೆ ಹೆಚ್ಚಿದಾಗ ಏರಿಸುವುದೂ ಅದೇ. ಬೆಂಗಳೂರಿನ ಟ್ರಾಫಿಕ್ಕಿಗೆ ಅವನನ್ನು ಹೊಣೆ ಮಾಡಲಾಗದು. ಒರಟಾಗಿ ಓಡಿಸಿದ್ದು, ಫೋನಿನಲ್ಲಿ ಮಾತನಾಡುತ್ತ ಓಡಿಸಿದ್ದು, ತೋರಿಸಿದ ಬಾಡಿಗೆಗಿಂತ ಹೆಚ್ಚು ಕೇಳಿದ್ದು, ಕಾರು ಗಲೀಜಾಗಿದ್ದದ್ದು, ಇವು ಅವನವೇ. ನಾವು ಅವನಿಗೆ ಕೊಡುವಂತೆ ಹಲವು ಆ್ಯಪ್‌ಗಳಲ್ಲಿ ಅವನೂ ನಮಗೆ ನಕ್ಷತ್ರ ಕೊಡುತ್ತಾನೆ ಎನ್ನುವುದು ಬಹಳ ಮಂದಿಗೆ ಗೊತ್ತಿಲ್ಲ.

ಆದರೆ ಕ್ಯಾಬಿನ ವಿಷಯದಲ್ಲಿ ಹೆಚ್ಚು ಗಮನಿಸಬೇಕಾದದ್ದು ಬೇರೆ. ಬಸ್ಸು ದೊಡ್ಡದಾದಷ್ಟೂ ಒಂದು ನಕ್ಷತ್ರದ ತೂಕ ಕಡಿಮೆಯಾಗುತ್ತದೆ. ಕೊನೆಯ 500 ರೇಟಿಂಗ್‌ಗಳ ಸರಾಸರಿ 4.85 ಇರುವ ಒಬ್ಬ ಚಾಲಕ ಕುಡಿದು ಕಾರು ಓಡಿಸಿದ, ಅಥವಾ ಒಬ್ಬ ಮಹಿಳೆಯೊಂದಿಗೆ ಅಸಭ್ಯವಾಗಿ ವರ್ತಿಸಿದ ಎಂದುಕೊಳ್ಳಿ. ಆಕೆ ಹೆದರಿ ಇಳಿದು ಒಂದು ನಕ್ಷತ್ರ ಒತ್ತುತ್ತಾರೆ. ಒಟ್ಟು 2,425 ಇದ್ದದ್ದು 2,421 ಆಗುತ್ತದೆ, ಸರಾಸರಿ 4.842. ಅಂದರೆ ಅವನ ಹೆಸರಿನ ಮುಂದಿನ ಅಂಕಿ 4.85ರಿಂದ 4.84ಕ್ಕೆ ಬಂದಿತು, ಅಷ್ಟೇ. ಮುಂದೆ ಹತ್ತುವ ಪ್ರಯಾಣಿಕರು ಇದರಿಂದ ಏನನ್ನೂ ತಿಳಿಯಲಾರರು.

ಹೀಗಾಗಿ ನಕ್ಷತ್ರವು ಸಣ್ಣ ಕೊರತೆಗೆ ಅತಿಯಾದ ದಂಡ, ದೊಡ್ಡ ಅಪರಾಧಕ್ಕೆ ಏನೂ ಅಲ್ಲದ ದಂಡ. ಸುರಕ್ಷತೆಗೆ ಸಂಬಂಧಿಸಿದ್ದನ್ನು ನಕ್ಷತ್ರಕ್ಕೆ ಬಿಡಬಾರದು. ಆ್ಯಪ್‌ನ ಸಹಾಯ ವಿಭಾಗದಲ್ಲಿ ಆ ಪ್ರಯಾಣವನ್ನೇ ಆರಿಸಿ, ಸಮಯ ಮತ್ತು ಸ್ಥಳ ಹಾಕಿ ದೂರು ಬರೆಯಬೇಕು. ನಕ್ಷತ್ರವನ್ನು ಯಂತ್ರ ಕೂಡಿಸಿ ಭಾಗಿಸಿ ಮುಗಿಸುತ್ತದೆ, ಲಿಖಿತ ದೂರಿಗೆ ಒಂದು ದಾಖಲೆ ಉಳಿಯುತ್ತದೆ. ಕಾರಿನೊಳಗೆ ಇರುವಾಗಲೇ ಅಪಾಯ ಎನ್ನಿಸಿದರೆ 112ಕ್ಕೆ ಕರೆ ಮಾಡಬೇಕು.

ಹಾಗಾದರೆ ಎಷ್ಟು ಒತ್ತುವುದು?

ನಾನು ಈಗ ಅನುಸರಿಸುವ ಕ್ರಮ ಸರಳವಾಗಿದೆ. ಮೊದಲು ಐದರ ಮೇಲೆ ಬೆರಳಿಟ್ಟು, ಅಲ್ಲಿಂದ ಕೆಳಗಿಳಿಯಲು ಈ ವ್ಯಕ್ತಿಯೇ ಮಾಡಿದ್ದು ಏನಾದರೂ ಇದೆಯೇ ಎಂದು ಕೇಳಿಕೊಳ್ಳುತ್ತೇನೆ. ತಡವಾಗಿದ್ದರೆ ಸೂಚನೆಗಳ ಗಂಟೆ ನೋಡುತ್ತೇನೆ: ಹೋಟೆಲ್ ತಲುಪಿದ ಹೊತ್ತಿಗೂ ಊಟ ಪಡೆದ ಹೊತ್ತಿಗೂ ಅಂತರ ದೊಡ್ಡದಿದ್ದರೆ ಅದು ಅಡುಗೆಮನೆಯ ತಡ. ಊಟ ಪಡೆದ ಮೇಲೆ ಕಾರಣವಿಲ್ಲದೆ ಹೆಚ್ಚು ಹೊತ್ತು ಹಿಡಿದಿದ್ದರೆ ಆಗ ರೈಡರ್ ವಿಷಯ. ಅಲ್ಲಿಯೂ ಒಂದು ತೊಡಕಿದೆ. ಕೆಲವೊಮ್ಮೆ ಆ್ಯಪ್ ಒಬ್ಬನಿಗೇ ಎರಡು ಆರ್ಡರ್ ಜೋಡಿಸಿ, ನಮ್ಮದನ್ನು ಎರಡನೆಯದಾಗಿ ಇಟ್ಟಿರುತ್ತದೆ. ಆಳಂದ ರಸ್ತೆಯ ಮನೆಗೆ ಮೊದಲು ಹೋಗಿ ನಂತರ ನಮ್ಮ ಕಡೆ ಬರುವುದು ಅವನ ಆಯ್ಕೆಯಲ್ಲ.

ರೈಡರ್‌ದೇ ತಪ್ಪು ಎಂದು ಖಚಿತವಾದಾಗ ಕಡಿಮೆ ಕೊಡುವುದರಲ್ಲಿ ಅನ್ಯಾಯವೇನೂ ಇಲ್ಲ. ಒರಟು ಮಾತು, ತಪ್ಪು ಮನೆಗೆ ಕೊಟ್ಟು ಹೋದದ್ದು, ತಲುಪಿಸದೆಯೇ ತಲುಪಿಸಿದೆನೆಂದು ಒತ್ತಿದ್ದು, ಇಂಥವಕ್ಕೆ ಕಡಿತ ಇರಲೇಬೇಕು, ಇಲ್ಲವಾದರೆ ಸರಿಯಾಗಿ ದುಡಿಯುವವನಿಗೂ ಅವನಿಗೂ ವ್ಯತ್ಯಾಸ ಉಳಿಯುವುದಿಲ್ಲ. ಆಗ ನಕ್ಷತ್ರದ ಕೆಳಗೆ ಕಾಣುವ ಕಾರಣಗಳಲ್ಲಿ ಸರಿಯಾದದ್ದನ್ನು ಆರಿಸುವುದು ಮುಖ್ಯ. ಊಟ ತಣ್ಣಗಿತ್ತು, ರುಚಿ ಇರಲಿಲ್ಲ, ಪದಾರ್ಥ ಬಿಟ್ಟುಹೋಗಿತ್ತು ಎಂಬುವನ್ನು ರೈಡರ್‌ನ ಪ್ರಶ್ನೆಯಲ್ಲಿ ಹೇಳಿದರೆ ಹೋಟೆಲಿಗೆ ತಲುಪುವುದಿಲ್ಲ, ಹಣ ಮರಳುವುದೂ ಇಲ್ಲ. ಅದಕ್ಕೆ ಸಹಾಯ ವಿಭಾಗದಲ್ಲಿ ಫೋಟೋ ಹಾಕಿ ಕೇಳಬೇಕು.

ಕರ್ನಾಟಕದಲ್ಲಿ 2025ರಲ್ಲಿ ಇಂಥ ರೈಡರ್‌ಗಳು, ಚಾಲಕರಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕಾಗಿ ಕಾಯ್ದೆ ಬಂದಿದೆ. ರೇಟಿಂಗ್‌ನಂಥ ಸ್ವಯಂಚಾಲಿತ ವ್ಯವಸ್ಥೆಗಳು ಕೆಲಸದ ಮೇಲೆ ಹೇಗೆ ಪರಿಣಾಮ ಬೀರುತ್ತವೆ ಎಂಬುದನ್ನು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು, ಕೆಲಸದಿಂದ ತೆಗೆಯುವ ಮುನ್ನ ಲಿಖಿತ ಕಾರಣದೊಂದಿಗೆ 14 ದಿನಗಳ ನೋಟಿಸ್ ಕೊಡಬೇಕು ಎಂಬ ಅಂಶಗಳು ಅದರಲ್ಲಿವೆ. ಇದು ತೆಗೆದುಹಾಕುವ ಹಂತದ ರಕ್ಷಣೆ. 4.82 ಇದ್ದದ್ದು 4.76 ಆಗಿ ಒಂದು ವಾರದ ಇನ್ಸೆಂಟಿವ್ ತಪ್ಪುವುದಕ್ಕೆ ಯಾವ ನೋಟಿಸೂ ಬರುವುದಿಲ್ಲ.

ಆ ಬೆಳಿಗ್ಗೆ ಗಂಟೆಗಳನ್ನೆಲ್ಲ ಬಿಡಿಸಿ ನೋಡಿದ ಮೇಲೆ ರೇಟಿಂಗ್ ತಿದ್ದಲು ಹಳೆಯ ಆರ್ಡರ್ ತೆರೆದೆ. ಕೆಲವು ಆ್ಯಪ್‌ಗಳಲ್ಲಿ ಆಮೇಲೂ ಬದಲಿಸಲು ಬರುತ್ತದೆ. ನಾನು ಬಳಸಿದ ಆ್ಯಪ್‌ನಲ್ಲಿ ಹೋಟೆಲಿನ ನಕ್ಷತ್ರಗಳನ್ನು ಒತ್ತಿದರೆ ಬದಲಾಗುತ್ತಿದ್ದವು, ರೈಡರ್‌ನ ಎರಡು ನಕ್ಷತ್ರಗಳು ಬೂದು ಬಣ್ಣಕ್ಕೆ ತಿರುಗಿದ್ದವು, ಎಷ್ಟು ಸಲ ಒತ್ತಿದರೂ ಅಲುಗಲಿಲ್ಲ. ನಕ್ಷೆಯ ಗುರುತನ್ನು ಮನೆಯ ಗೇಟಿನ ಮುಂದಕ್ಕೆ ಎಳೆದು, ವಿಳಾಸದಲ್ಲಿ ನೀರಿನ ಟಾಕಿಯ ಸಾಲನ್ನು ಸೇರಿಸಿ, ಫೋನ್ ಕೆಳಗಿಟ್ಟೆ.